ಮೊದಲು ಮೂರು ಪಟ್ಟಿ, ಆಮೇಲೆ ವ್ಯಾಪಾರ

ಸ್ವಂತ ಕಸುಬು ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ಈಗ ಯಾವುದಕ್ಕೆ ಒಳ್ಳೆಯ ಮಾರ್ಕೆಟ್ ಇದೆ?’ ಎಂಬುದು. ಯಾರೋ ಅಣಬೆ ಎನ್ನುತ್ತಾರೆ, ಯಾರೋ ಪೇಪರ್ ತಟ್ಟೆ ಎನ್ನುತ್ತಾರೆ, ಇನ್ನೊಬ್ಬರು ಕುರಿ ಸಾಕಿ ಎನ್ನುತ್ತಾರೆ. ಆಯ್ಕೆ ಮಾಡಿದ ಮೇಲೆ ಅದಕ್ಕೆ ಬೇಕಾದ ಹಣ, ಯಂತ್ರ, ಗಿರಾಕಿ, ಕೆಲಸದ ಅನುಭವ ಎಲ್ಲವನ್ನೂ ಹೊರಗಿನಿಂದ ತರಬೇಕು. ತರುವಷ್ಟರಲ್ಲಿ ಸಾಲ ಆಗಿರುತ್ತದೆ, ಅದೇ ಪೇಪರ್ ತಟ್ಟೆಯ ಯಂತ್ರವನ್ನು ಊರಿನಲ್ಲಿ ಇನ್ನೂ ನಾಲ್ವರು ತಂದಿಟ್ಟಿರುತ್ತಾರೆ.

ಇದಕ್ಕೆ ತದ್ವಿರುದ್ಧವಾದ ದಾರಿಯೊಂದಿದೆ. ನನಗೆ ಏನು ಗೊತ್ತು, ನನಗೆ ಯಾರು ಗೊತ್ತು, ನನ್ನ ಹತ್ತಿರ ಏನಿದೆ ಎಂದು ಮೂರು ಪಟ್ಟಿ ಬರೆದು, ಅವುಗಳನ್ನು ಒಂದರ ಜೊತೆ ಒಂದು ಹೊಂದಿಸುತ್ತ ಹೋಗಿ, ಅದರಿಂದ ಹುಟ್ಟುವ ಕೆಲಸಗಳನ್ನು ಪರೀಕ್ಷಿಸುವುದು. ಇದಕ್ಕೆ ಗಟ್ಟಿಯಾದ ಅಧ್ಯಯನದ ಆಧಾರವೂ ಇದೆ. ಭಾರತ ಮೂಲದ ಸರಸ್ ಸರಸ್ವತಿ ಎಂಬ ವಿದ್ವಾಂಸೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ಅವರ ಮಾರ್ಗದರ್ಶನದಲ್ಲಿ, 27 ಮಂದಿ ಅನುಭವಿ ಉದ್ಯಮಿಗಳಿಗೆ ಒಂದೇ ಕಾಲ್ಪನಿಕ ಉತ್ಪನ್ನವನ್ನು ಕೊಟ್ಟು, ಅದರಿಂದ ಕಂಪನಿ ಕಟ್ಟುವ ಬಗೆಯನ್ನು ಯೋಚಿಸುತ್ತ ಯೋಚಿಸುತ್ತಲೇ ಬಾಯಿಬಿಟ್ಟು ಹೇಳಿ ಎಂದು ಕೇಳಿದರು. ಅವರಲ್ಲಿ ಹೆಚ್ಚಿನವರು ಮಾರುಕಟ್ಟೆ ಸಮೀಕ್ಷೆಯಿಂದ ಶುರು ಮಾಡಲಿಲ್ಲ. ತಮ್ಮ ಕೈಯಲ್ಲಿ ಏನಿದೆ, ತಮಗೆ ಪರಿಚಯದವರು ಯಾರಿದ್ದಾರೆ ಎನ್ನುವಲ್ಲಿಂದ ಶುರು ಮಾಡಿದರು. ಎಷ್ಟು ಲಾಭ ಬರುತ್ತದೆ ಎಂದು ಲೆಕ್ಕ ಹಾಕುವ ಬದಲು, ಹೋದರೆ ಎಷ್ಟು ಹೋಗಬಹುದು, ಅಷ್ಟು ಹೋದರೆ ನಾನು ತಡೆದುಕೊಳ್ಳಬಲ್ಲೆನೇ ಎಂದು ನೋಡಿದರು. 2001ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ‘ಕರಿ ಇನ್ ಎ ಹರಿ’ ಎಂಬ ಊಹೆಯ ಭಾರತೀಯ ಹೋಟೆಲಿನ ಉದಾಹರಣೆ ಬರುತ್ತದೆ. ದೊಡ್ಡ ಸಮೀಕ್ಷೆ ಮಾಡಿ ಹೋಟೆಲು ತೆರೆಯುವುದು ಒಂದು ಬಗೆ. ಕೈಯಲ್ಲಿ ಕಾಸಿಲ್ಲದವರು ಗೆಳೆಯರ ಆಫೀಸಿಗೆ ಮಧ್ಯಾಹ್ನದ ಊಟ ಒಯ್ದು ಕೊಡುವುದರಿಂದ ಶುರು ಮಾಡುವುದು ಇನ್ನೊಂದು ಬಗೆ. ಎರಡನೆಯವರು ಕೊನೆಗೆ ಹೋಟೆಲನ್ನೇ ತೆರೆಯಬೇಕೆಂದಿಲ್ಲ. ಗೆಳೆಯರು ಏನು ಕೇಳುತ್ತಾರೆ ಎನ್ನುವುದರ ಮೇಲೆ ಅವರ ಕೆಲಸ ಎತ್ತ ಬೇಕಾದರೂ ತಿರುಗಬಹುದು.

ಈ ವಿದ್ವಾಂಸರ ಮಾತು ಪಟ್ಟಿ ಬರೆಯುವವರಿಗೆ ಧೈರ್ಯ ಕೊಡುತ್ತದೆ. ಆದರೆ ಪಟ್ಟಿಯನ್ನು ಹೇಗೆ ಬರೆಯಬೇಕು ಎನ್ನುವುದೇ ಎಲ್ಲರೂ ಎಡವುವ ಜಾಗ. ಆದ್ದರಿಂದ ಒಂದು ಉದಾಹರಣೆಯನ್ನು ಕೊನೆಯವರೆಗೂ ಬಿಡಿಸಿ ನೋಡೋಣ. ಇದು ನಾನು ಕಟ್ಟಿಕೊಂಡ ಉದಾಹರಣೆ, ಇಲ್ಲಿರುವ ದರಗಳೂ ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿಕೊಂಡು ಓದಿ.

ಮಂಡ್ಯ ಜಿಲ್ಲೆಯ ಒಂದು ಹೋಬಳಿ ಊರಿನ ಹೆಣ್ಣುಮಗಳು. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಒಂಬತ್ತು ವರ್ಷ ದುಡಿದು, ಅತ್ತೆಗೆ ಹುಷಾರಿಲ್ಲವೆಂದು ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಮೊದಮೊದಲು ಮೆಷಿನ್ ಮೇಲೆ ಕೂತವರು, ಕೊನೆಯ ನಾಲ್ಕು ವರ್ಷ ಚೆಕ್ಕಿಂಗ್ ಟೇಬಲ್ಲಿನಲ್ಲಿದ್ದರು. ‘ನಿನಗೆ ಏನೇನು ಬರುತ್ತದಮ್ಮ?’ ಎಂದು ಯಾರಾದರೂ ಕೇಳಿದರೆ ಅವರು ಹೇಳುವುದು ಒಂದೇ ಮಾತು: ‘ಹೊಲಿಗೆ ಬರುತ್ತೆ.’ ಆ ಒಂದು ಮಾತು ಬರೆದರೆ ಹೊರಡುವ ಯೋಚನೆಯೂ ಒಂದೇ: ಬ್ಲೌಸ್ ಹೊಲಿಯುವುದು. ಅದನ್ನು ಊರಿನಲ್ಲಿ ಆಗಲೇ ಎಂಟು ಜನ ಮಾಡುತ್ತಿದ್ದಾರೆ.

ಮೊದಲ ಹಾಳೆಯಲ್ಲಿ ಕಸುಬಿನ ಹೆಸರು ಬರೆಯಬಾರದು. ಬೆಳಗಿನಿಂದ ಸಂಜೆಯವರೆಗೆ ಕೈ ಏನು ಮಾಡುತ್ತಿತ್ತು ಎಂಬುದನ್ನು ಬಿಡಿಬಿಡಿಯಾಗಿ ಬರೆಯಬೇಕು. ಈಕೆಯ ಹಾಳೆ ಹೀಗೆ ತುಂಬುತ್ತದೆ: ಅಳತೆ ಪಟ್ಟಿ ನೋಡಿ ಅಂಗಿಯನ್ನು ಐದು ಕಡೆ ಅಳೆಯುತ್ತೇನೆ. ಹೊಲಿಗೆ ತಪ್ಪಿದ್ದರೆ ಕೈಗೆತ್ತಿಕೊಂಡ ಕೂಡಲೇ ಗೊತ್ತಾಗುತ್ತದೆ. ಕತ್ತರಿಸಿದ ತುಂಡುಗಳಿಗೆ ನಂಬರ್ ಅಂಟಿಸಿ ಒಂದರದು ಇನ್ನೊಂದಕ್ಕೆ ಸೇರದಂತೆ ಕಟ್ಟುತ್ತೇನೆ. ಹೊಸದಾಗಿ ಬಂದ ಹುಡುಗಿಯರಿಗೆ ಕಾಲರ್ ಕೂರಿಸುವುದನ್ನು ಕಲಿಸುತ್ತೇನೆ. ಒಂದು ಅಂಗಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಮೊದಲೇ ಹೇಳಬಲ್ಲೆ. ಓವರ್‌ಲಾಕ್ ಮೆಷಿನ್ನಿಗೆ ದಾರ ಹಾಕುತ್ತೇನೆ. ಸಂಘದ ಲೆಕ್ಕದ ಪುಸ್ತಕ ಬರೆಯುತ್ತೇನೆ. ಹೀಗೆ ಬರೆಯುತ್ತ 14 ಸಾಲು ಆಯಿತೆನ್ನಿ. ‘ಚೆನ್ನಾಗಿ ಮಾತಾಡುತ್ತೇನೆ’, ‘ಕಷ್ಟಪಟ್ಟು ದುಡಿಯುತ್ತೇನೆ’ ಎಂಬ ಸಾಲುಗಳು ಬಂದರೆ ಹೊಡೆದು ಹಾಕಬೇಕು, ಏಕೆಂದರೆ ಅವುಗಳನ್ನು ಯಾವುದರ ಜೊತೆ ಹೊಂದಿಸಿದರೂ ಒಂದು ಕೆಲಸ ಹುಟ್ಟುವುದಿಲ್ಲ. ಸಾಲು ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ದಾರಿ, ಆ ಕೆಲಸವನ್ನು ಈಗಲೇ ಎದುರಿಗೆ ಮಾಡಿ ತೋರಿಸಲು ಆಗುತ್ತದೆಯೇ ಎಂದು ಕೇಳಿಕೊಳ್ಳುವುದು.

ಎರಡನೆಯ ಹಾಳೆ ಜನರದ್ದು. ಮೂರರಲ್ಲಿ ಇದೇ ಮುಖ್ಯ, ಇದನ್ನೇ ಎಲ್ಲರೂ ಅವಸರದಲ್ಲಿ ಮುಗಿಸುತ್ತಾರೆ. ‘ನೆಂಟರು, ಅಕ್ಕಪಕ್ಕದವರು, ಸಂಘದವರು’ ಎಂದು ಬರೆದರೆ ಅದು ಪಟ್ಟಿಯಲ್ಲ. ಒಬ್ಬೊಬ್ಬರ ಹೆಸರೂ ಬೇಕು. ಹೆಸರಿನ ಮುಂದೆ ಎರಡು ವಿಷಯ ಬರೆಯಬೇಕು: ಆ ವ್ಯಕ್ತಿ ಯಾವುದಕ್ಕೆ ದುಡ್ಡು ಅಥವಾ ಹೊತ್ತು ಖರ್ಚು ಮಾಡುತ್ತಾರೆ, ಅವರ ಮೂಲಕ ಇನ್ನು ಯಾರನ್ನು ತಲುಪಬಹುದು. ಈಕೆಯ ಹಾಳೆಯಲ್ಲಿ 12 ಹೆಸರುಗಳಿವೆ. ಅಕ್ಕನ ಗಂಡ ಪಕ್ಕದ ಊರಿನ ಸರ್ಕಾರಿ ಶಾಲೆಯ ಮೇಷ್ಟ್ರು. ಬಸ್ ಸ್ಟ್ಯಾಂಡಿನ ಎದುರು ಇಬ್ಬರು ಟೈಲರ್‌ಗಳು. ಸ್ತ್ರೀಶಕ್ತಿ ಸಂಘದಲ್ಲಿ ಮನೆಯಲ್ಲೇ ಮೆಷಿನ್ ಇಟ್ಟುಕೊಂಡ ಮೂವರು. ಗುಂಡಿ, ದಾರ ಮಾರುವ ಅಂಗಡಿಯವರು. ಜೊತೆಯಲ್ಲಿ ಕೆಲಸ ಮಾಡಿದ ಕಟಿಂಗ್ ಮಾಸ್ಟರ್. ಉಳಿದವರು ಮಕ್ಕಳಿರುವ ಅಕ್ಕಪಕ್ಕದ ಮನೆಯವರು.

ಇದೇ ಹಾಳೆಯಲ್ಲಿ, ಆ ವ್ಯಕ್ತಿಯಿಂದ ಏನನ್ನು ಕೇಳಬಾರದು ಎನ್ನುವುದನ್ನೂ ಬರೆದಿಡಬೇಕೆಂದು ನನ್ನ ಬಲವಾದ ಅಭಿಪ್ರಾಯ. ಮೇಷ್ಟ್ರಾದ ಬಾವ ಪೋಷಕರ ಸಭೆ ಎಂದು ನಡೆಯುತ್ತದೆ ಎಂಬುದನ್ನು ತಿಳಿಸಬಹುದು, ಮುಖ್ಯೋಪಾಧ್ಯಾಯರ ಪರಿಚಯ ಮಾಡಿಸಬಹುದು. ಆದರೆ ‘ಇವರ ಹತ್ತಿರವೇ ಹೊಲಿಸಿ’ ಎಂದು ಮಕ್ಕಳ ಮನೆಯವರಿಗೆ ಹೇಳುವ ಹಾಗಿಲ್ಲ. ಅವರದು ಸರ್ಕಾರಿ ನೌಕರಿ. ಅವರ ಮೇಲೆ ಒಂದು ದೂರು ಹೋದರೆ ವ್ಯಾಪಾರವೂ ಹೋಗುತ್ತದೆ, ಅಕ್ಕನ ಮನೆಯ ಬಾಗಿಲೂ ಮುಚ್ಚುತ್ತದೆ. ಈ ಮಿತಿಯನ್ನು ಮೊದಲೇ ಬರೆದುಕೊಂಡರೆ ಮುಂದೆ ಯೋಜನೆ ಹಾಕುವಾಗ ಬಾವನ ಮೇಲೆ ಹೊರಲಾಗದ ಭಾರ ಬೀಳುವುದಿಲ್ಲ.

ಮೂರನೆಯದು ವಸ್ತುಗಳ ಹಾಳೆ. ಇಲ್ಲಿ ವಸ್ತುವಿನ ಹೆಸರಿನ ಜೊತೆ ಅದು ಯಾವ ಹೊತ್ತಿನಲ್ಲಿ ಬಿಡುವಾಗಿರುತ್ತದೆ ಎಂದು ಬರೆಯಬೇಕು. ಸ್ಕೂಟರ್ ಇದೆ, ಆದರೆ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಗಂಡ ಕೆಲಸಕ್ಕೆ ಒಯ್ಯುತ್ತಾರೆ. ಹಾಗಾದರೆ ಹಗಲಿನ ಮಟ್ಟಿಗೆ ಸ್ಕೂಟರ್ ಇಲ್ಲವೆಂದೇ ಲೆಕ್ಕ. ಹತ್ತು ಅಡಿ ಉದ್ದದ ಜಗಲಿ ಮಧ್ಯಾಹ್ನ ಖಾಲಿ, ಸಂಜೆ ಮಕ್ಕಳು ಓದಲು ಕೂರುತ್ತಾರೆ. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ಒಂದು, ಇಸ್ತ್ರಿಪೆಟ್ಟಿಗೆ ಒಂದು, ಬೀಗ ಹಾಕುವ ಬೀರು ಒಂದು, ವಾಟ್ಸಾಪ್ ಇರುವ ಫೋನು ಒಂದು. ಇಂಥವು ಒಟ್ಟು ಒಂಬತ್ತು. ಇದೇ ಹಾಳೆಯ ಕೆಳಗೆ ಇನ್ನೊಂದು ಸಾಲು: ಕಳೆದುಹೋದರೂ ಸಂಸಾರ ಅಲುಗಾಡದ ಹಣ ಎಷ್ಟು? ಈಕೆ 1,500 ರೂಪಾಯಿ ಎಂದು ಬರೆದರು. ಅದು ಹೂಡುವ ಬಂಡವಾಳವಲ್ಲ, ಪ್ರಯೋಗದಲ್ಲಿ ಹೋದರೆ ಹೋಗಲಿ ಎಂದು ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೊತ್ತ.

ಈಗ ಹೊಂದಿಸುವ ಕೆಲಸ. 14 ಕೆಲಸ, 12 ಜನ, 9 ವಸ್ತು ಎಂದರೆ ಒಟ್ಟು 1,512 ಹೊಂದಿಕೆಗಳು. ಅಷ್ಟನ್ನೂ ಒಂದೊಂದಾಗಿ ನೋಡುತ್ತ ಕೂರಲು ಯಾರಿಂದಲೂ ಆಗುವುದಿಲ್ಲ. ಹೀಗೆ ಪಟ್ಟಿಗಳನ್ನು ಹೊಂದಿಸಿ ನೋಡುವ ದಾರಿ ವ್ಯಾಪಾರದವರಿಂದ ಬಂದದ್ದಲ್ಲ, ಖಗೋಳ ವಿಜ್ಞಾನಿ ಫ್ರಿಟ್ಜ್ ಜ್ವಿಕಿ ಅವರಿಂದ ಬಂದದ್ದು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿದ್ದ ಅವರು ಜೆಟ್ ಎಂಜಿನ್‌ಗಳನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು ಎಂದು ನೋಡಲು ಇಂಥದೇ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸುತ್ತಿದ್ದರು. ತೊಡಕನ್ನು ಬಿಡಿಸುವ ಗುಟ್ಟು ಎಲ್ಲವನ್ನೂ ಒಟ್ಟಿಗೆ ನೋಡದೆ, ಮೊದಲು ಎರಡೆರಡನ್ನೇ ನೋಡುವುದರಲ್ಲಿದೆ. ಎರಡು ಒಂದಕ್ಕೊಂದು ಕೂಡಿಬರದಿದ್ದರೆ, ಅವೆರಡೂ ಇರುವ ಹೊಂದಿಕೆಗಳೆಲ್ಲ ಒಮ್ಮೆಗೇ ಬಿದ್ದುಹೋಗುತ್ತವೆ.

ನಮ್ಮ ಹಾಳೆಗಳಲ್ಲಿ ಮೊದಲು ಜನ ಮತ್ತು ಕೆಲಸಗಳನ್ನು ಎದುರುಬದುರು ಇಡಬೇಕು. 12 ಹೆಸರಿಗೆ 14 ಕೆಲಸ, ಒಟ್ಟು 168 ಮನೆಗಳಿರುವ ಒಂದು ಕೋಷ್ಟಕ. ಕ್ಯಾಲೆಂಡರಿನ ಹಿಂಬದಿಯಲ್ಲಿ ಅಡಿಕೋಲು ಹಿಡಿದು ಗೆರೆ ಎಳೆದರೆ ಸಾಕು. ಪ್ರತಿ ಮನೆಗೂ ಒಂದೇ ಪ್ರಶ್ನೆ: ಈ ವ್ಯಕ್ತಿ ಈಗ ದುಡ್ಡೋ ಹೊತ್ತೋ ಕಳೆಯುತ್ತಿರುವ ಯಾವುದಾದರೂ ತೊಂದರೆ ಈ ಕೆಲಸದಿಂದ ಕಡಿಮೆಯಾಗುತ್ತದೆಯೇ? ಇಲ್ಲವೆಂದರೆ ಅಡ್ಡಗೆರೆ. ಒಂದು ಅಡ್ಡಗೆರೆ ಬಿದ್ದರೆ ವಸ್ತುಗಳ ಜೊತೆಗಿನ ಒಂಬತ್ತು ಹೊಂದಿಕೆ ಒಟ್ಟಿಗೆ ಹೋದಂತೆ. ಒಂದು ಸಂಜೆಯ ಕೆಲಸವಿದು. ಕೊನೆಗೆ ಹತ್ತು ಮನೆ ಉಳಿದರೆ ನೋಡಬೇಕಾದ ಹೊಂದಿಕೆ 90 ಮಾತ್ರ. ಅದರಲ್ಲಿಯೂ ಹೊಸದಾಗಿ ಏನನ್ನಾದರೂ ಕೊಳ್ಳದೆ ಶುರುವಾಗದಂಥವನ್ನು ಬದಿಗಿಟ್ಟರೆ ಬೆರಳೆಣಿಕೆಯಷ್ಟು ಉಳಿಯುತ್ತವೆ.

ಈ ಕೋಷ್ಟಕ ಮಾಡುವ ದೊಡ್ಡ ಉಪಕಾರ, ನಾವು ಜನರನ್ನು ನೋಡುವ ಕೋನವನ್ನೇ ಅದು ಬದಲಿಸುವುದು. ಬಸ್ ಸ್ಟ್ಯಾಂಡಿನ ಟೈಲರ್‌ಗಳನ್ನೇ ತೆಗೆದುಕೊಳ್ಳಿ. ‘ಬ್ಲೌಸ್ ಹೊಲಿಯೋಣ’ ಎಂದುಕೊಂಡಾಗ ಅವರು ಪೈಪೋಟಿಯವರು. ಆದರೆ ಹಾಳೆಯಲ್ಲಿ ಅವರ ಹೆಸರಿನ ಮುಂದೆ, ಹಬ್ಬ ಮದುವೆಯ ದಿನಗಳಲ್ಲಿ ಹುಕ್ಸು, ಹೆಮ್ಮಿಂಗ್, ಕಾಜಾ-ಗುಂಡಿಗೆ ಕೈ ಸಾಲದೆ ಬಟ್ಟೆ ತಡವಾಗಿ ಕೊಟ್ಟು ಗಿರಾಕಿಗಳಿಂದ ಬೈಸಿಕೊಳ್ಳುತ್ತಾರೆ ಎಂದು ಬರೆದಿದೆ. ಆ ಸಾಲನ್ನು ಓದಿದ ಮೇಲೆ ಅವರು ಗಿರಾಕಿಗಳಾಗುತ್ತಾರೆ. ಯೋಚನೆ ಒಳ್ಳೆಯದೇ. ಲೆಕ್ಕ ಹಾಕೋಣ. ಒಂದು ಬ್ಲೌಸಿನ ಹುಕ್ಸು ಹೆಮ್ಮಿಂಗ್‌ಗೆ 20 ರೂಪಾಯಿ ಸಿಕ್ಕಿ, ಕೈಯಲ್ಲಿ ಹೊಲಿಯಲು 25 ನಿಮಿಷ ಹಿಡಿದರೆ ಗಂಟೆಗೆ 48 ರೂಪಾಯಿ. ದಿನಕ್ಕೆ ನಾಲ್ಕು ಗಂಟೆ ಕೂತರೂ 200 ಮುಟ್ಟುವುದಿಲ್ಲ. ವರ್ಷವಿಡೀ ಸ್ವಲ್ಪ ಸ್ವಲ್ಪ ಬರುವ ಕೆಲಸ ಎಂದು ಇಟ್ಟುಕೊಳ್ಳಬಹುದು, ಅದನ್ನೇ ನಂಬಿಕೊಳ್ಳುವಂತಿಲ್ಲ.

ಉಳಿದ ಇನ್ನೊಂದು ಮನೆ, ಮಕ್ಕಳಿರುವ ಅಕ್ಕಪಕ್ಕದವರ ಹೆಸರಿಗೂ ‘ಅಳತೆ ಪಟ್ಟಿ ನೋಡಿ ಅಳೆಯುತ್ತೇನೆ’ ಎಂಬ ಸಾಲಿಗೂ ನಡುವಿನದು. ಸರ್ಕಾರಿ ಶಾಲೆಯಲ್ಲಿ ಸಮವಸ್ತ್ರದ ಬಟ್ಟೆ ಸಿಕ್ಕಾಗ ಹೊಲಿಸಿಕೊಳ್ಳುವುದು ಮನೆಯವರ ಪಾಲಿಗೆ ಬರುತ್ತದೆ. ಎಲ್ಲರಿಗೂ ಒಂದೇ ವಾರದಲ್ಲಿ ಬಟ್ಟೆ ಸಿಗುವುದರಿಂದ ಟೈಲರ್ ಹತ್ತಿರ ಸಾಲು. ಟೈಲರ್ ಒಬ್ಬೊಬ್ಬ ಮಗುವನ್ನೂ ಕರೆಸಿ ಅಳತೆ ತೆಗೆದು, ಒಂದೊಂದನ್ನೇ ಕತ್ತರಿಸಿ ಹೊಲಿಯುತ್ತಾರೆ. ಫ್ಯಾಕ್ಟರಿಯಲ್ಲಿ ಹಾಗೆ ಮಾಡುವುದಿಲ್ಲ. ಅಲ್ಲಿ ಸೈಜ್ ಇರುತ್ತದೆ. ಎದೆಯ ಅಳತೆ 24, 26, 28, 30, 32 ಇಂಚಿನ ಐದು ಮಾದರಿ ಅಂಗಿ ಹೊಲಿದಿಟ್ಟುಕೊಂಡರೆ, ಮಗುವಿಗೆ ತೊಡಿಸಿ ನೋಡಿ ಯಾವುದು ಸರಿ ಎಂದು ಬರೆದುಕೊಳ್ಳಲು ಎರಡು ನಿಮಿಷ ಸಾಕು. ಒಂದೇ ಸೈಜಿನ ಮಕ್ಕಳ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಒಮ್ಮೆಗೇ ಗುರುತು ಹಾಕಿ ಕತ್ತರಿಸಬಹುದು. ಸಂಘದ ಮೂವರು ತಮ್ಮ ತಮ್ಮ ಮನೆಯಲ್ಲಿ ಹೊಲಿಯುತ್ತಾರೆ. ಚೆಕ್ಕಿಂಗ್, ಗುಂಡಿ, ಇಸ್ತ್ರಿ ಈಕೆಯ ಜಗಲಿಯಲ್ಲಿ. ಇಡೀ ಯೋಚನೆಯಲ್ಲಿ ಹಾಳೆಯ ಹೊರಗಿನಿಂದ ಬಂದದ್ದು ಏನೂ ಇಲ್ಲ ಎನ್ನುವುದನ್ನು ಗಮನಿಸಿ.

ಕೆಲಸ ಕೆಡುವುದು ಎಲ್ಲಿ ಎಂದು ಈಕೆಗೆ ಚೆನ್ನಾಗಿ ಗೊತ್ತು. ಹಾಸು ಹಾಕಿ ಕತ್ತರಿಸುವಾಗ ಒಂದು ಸಲ ಕತ್ತರಿ ತಪ್ಪಿದರೆ ಆರು ಮಕ್ಕಳ ಬಟ್ಟೆ ಹಾಳಾಗುತ್ತದೆ, ಅದು ಅವರವರ ಸ್ವಂತ ಬಟ್ಟೆ. ಹಾಗಾಗಿ ಮೊದಲ ವರ್ಷ ನಾಲ್ಕು ಪದರಕ್ಕಿಂತ ಹೆಚ್ಚು ಹಾಸಬಾರದು, ಮೊದಲ ದಿನ ಕಟಿಂಗ್ ಮಾಸ್ಟರನ್ನು ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು. ಅವರ ಹೆಸರು ಎರಡನೆಯ ಹಾಳೆಯಲ್ಲಿದೆಯಲ್ಲ. ಒಬ್ಬರ ತೋಳು ಇನ್ನೊಬ್ಬರ ಅಂಗಿಗೆ ಹೋಗದಂತೆ ತುಂಡು ತುಂಡಿಗೂ ನಂಬರ್ ಅಂಟಿಸಬೇಕು. ಮಕ್ಕಳು ಬೆಳೆಯುತ್ತಾರೆ, ಅದಕ್ಕೆ ಕೆಳಗಿನ ಮಡಿಕೆಯಲ್ಲಿ ಎರಡು ಇಂಚು ಬಟ್ಟೆ ಬಿಟ್ಟು ಹೊಲಿಯಬೇಕು. ಐದು ಸೈಜಿಗೂ ಹೊಂದದ ಮಕ್ಕಳು ಕೆಲವರು ಇದ್ದೇ ಇರುತ್ತಾರೆ, ಅವರದನ್ನು ಬೇರೆಯಾಗಿ ಅಳೆದು ಹೊಲಿಯಬೇಕು.

ದುಡ್ಡಿನ ಲೆಕ್ಕ: ಒಂದು ಜೊತೆ ಸಮವಸ್ತ್ರಕ್ಕೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಹೊಲಿಯುವವರಿಗೆ 110, ದಾರ ಗುಂಡಿ ಎಲಾಸ್ಟಿಕ್‌ಗೆ 20, ಈಕೆಗೆ 70. ಮಾದರಿ ಅಂಗಿಗಳಿಗೆ ಬಟ್ಟೆಯೂ ಸೇರಿ 1,200 ರೂಪಾಯಿ ಖರ್ಚು, ಅಂದರೆ ಒಪ್ಪಿಕೊಂಡ 1,500ರ ಒಳಗೇ ಇದೆ. 18 ಜೊತೆ ಸಿಕ್ಕರೆ ಆ ಖರ್ಚು ಹುಟ್ಟುತ್ತದೆ. 60 ಜೊತೆ ಸಿಕ್ಕರೆ ಖರ್ಚು ಕಳೆದು ಕೈಯಲ್ಲಿ 3,000 ಉಳಿಯುತ್ತದೆ. ಅಳತೆ, ಕಟಿಂಗ್, ಚೆಕ್ಕಿಂಗ್, ಇಸ್ತ್ರಿ, ಕೊಟ್ಟು ಬರುವುದು ಎಲ್ಲ ಸೇರಿ ಹತ್ತು ದಿನವಾದರೆ ದಿನಕ್ಕೆ 300. ಇದು ದೊಡ್ಡ ಗಳಿಕೆಯಲ್ಲ, ಹಾಗೆಂದು ಯಾರೂ ತಿಳಿಯಬಾರದು. ಆದರೆ ಮಾದರಿ ಅಂಗಿಗಳು ಮುಂದಿನ ವರ್ಷಕ್ಕೂ ಬರುತ್ತವೆ, ಆಗ ಅದೇ 60 ಜೊತೆಗೆ 4,200 ಸಿಗುತ್ತದೆ. ಈ ಲೆಕ್ಕವನ್ನು ಬರೆದು ನೋಡಿದ ಮೇಲೆ, ಬೇಡ ಎನಿಸಿದರೆ ಬಿಡುವುದೂ ಸರಿಯಾದ ತೀರ್ಮಾನವೇ. ಆಗ ಹೋದದ್ದು ಒಂದು ಹಾಳೆ ಕಾಗದ ಮಾತ್ರ.

ಮುಂದುವರಿಯುವುದಾದರೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ಒಂದು ಪರೀಕ್ಷೆ ಇದೆ. ‘ನೀವು ಹೊಲಿಸುತ್ತೀರಾ?’ ಎಂದು ಕೇಳಿದರೆ ಪರಿಚಯದವರು ಯಾರೂ ಇಲ್ಲ ಎನ್ನುವುದಿಲ್ಲ. ನಮ್ಮಲ್ಲಿ ಎದುರಿಗೆ ಮುಖ ಮುರಿಯುವವರು ಕಡಿಮೆ, ಆ ‘ಹೂಂ ಕಣಮ್ಮ, ನಿನಗೇ ಕೊಡ್ತೀವಿ’ ಎಂಬ ಮಾತನ್ನು ನಂಬಿ ಕೆಟ್ಟವರು ಬಹಳ. ಅದರ ಬದಲು ಹೋದ ವರ್ಷದ ಮಾತು ಕೇಳಬೇಕು: ಎಲ್ಲಿ ಹೊಲಿಸಿದಿರಿ, ಎಷ್ಟು ಕೊಟ್ಟಿರಿ, ಎಷ್ಟು ದಿನ ಕಾದಿರಿ. ಆಮೇಲೆ 50 ರೂಪಾಯಿ ಮುಂಗಡ ಕೇಳಬೇಕು. ಕೊಟ್ಟವರನ್ನು ಮಾತ್ರ ಗಿರಾಕಿ ಎಂದು ಎಣಿಸಬೇಕು. ಗೊತ್ತು ಮಾಡಿದ ದಿನಕ್ಕೆ 30 ಮನೆಯವರು ಮುಂಗಡ ಕೊಡದಿದ್ದರೆ, ಬಂದ ಹಣವನ್ನು ಹಿಂತಿರುಗಿಸಿ ಈ ವರ್ಷಕ್ಕೆ ಕೈಬಿಡುವುದು ಎಂದು ಮೊದಲೇ ಹಾಳೆಯ ಮೇಲೆ ಬರೆದಿಡಬೇಕು. ಕೆಲಸದೊಳಗೆ ಇಳಿದ ಮೇಲೆ ಈ ತೀರ್ಮಾನ ಮಾಡಲು ಮನಸ್ಸು ಬರುವುದಿಲ್ಲ.

ಈ ದಾರಿಗೆ ಒಂದು ನಿಜವಾದ ಮಿತಿಯಿದೆ, ಅದು ನನ್ನನ್ನು ಕಾಡುತ್ತದೆ. ಹಾಳೆಯಲ್ಲಿ ಇರುವುದರಿಂದಲೇ ಯೋಚನೆ ಹುಟ್ಟಬೇಕು. ಜನರ ಪಟ್ಟಿ ಬಡವಾಗಿದ್ದರೆ ಯೋಚನೆಯೂ ಬಡವಾಗಿರುತ್ತದೆ. ಮನೆಯಿಂದ ಹೊರಗೆ ಹೋಗಲು ಬಿಡದ ಹೆಣ್ಣುಮಕ್ಕಳು, ಊರಿನ ಒಂದೇ ಕೇರಿಯವರ ಜೊತೆ ಮಾತ್ರ ಒಡನಾಟ ಇರುವವರು, ಹೊಸ ಊರಿಗೆ ವಲಸೆ ಬಂದವರು ಬರೆಯುವ ಹೆಸರುಗಳೆಲ್ಲ ಅವರಷ್ಟೇ ಕಷ್ಟದಲ್ಲಿರುವವರದು, ದುಡ್ಡು ಖರ್ಚು ಮಾಡುವವರು ಅದರಲ್ಲಿ ಇರುವುದಿಲ್ಲ. ಅಂಥವರಿಗೆ ‘ನಿನ್ನ ಕೈಯಲ್ಲೇ ಎಲ್ಲ ಇದೆ’ ಎಂದು ಹೇಳುವುದು ಅನ್ಯಾಯ. ಅವರು ಕೋಷ್ಟಕ ಹಾಕುವ ಮೊದಲು ಪಟ್ಟಿಯನ್ನು ಬೆಳೆಸಬೇಕಾಗುತ್ತದೆ: ಪಟ್ಟಿಯಲ್ಲಿರುವ ಒಬ್ಬೊಬ್ಬರನ್ನೂ, ‘ಈ ಕೆಲಸಕ್ಕೆ ದುಡ್ಡು ಕೊಡುವವರು ನಿಮಗೆ ಯಾರಾದರೂ ಗೊತ್ತಿದ್ದಾರಾ?’ ಎಂದು ಕೇಳಿ ಇನ್ನೊಂದು ಹೆಸರು ಪಡೆಯುವುದು ಒಂದು ದಾರಿ. ತರಬೇತಿಗೆ ಸೇರುವುದು ಇನ್ನೊಂದು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ ವಸತಿ ಸಮೇತ ಉಚಿತವಾಗಿ ತರಬೇತಿ ಕೊಡುತ್ತ ಬಂದಿದೆ. ಅದೇ ಮಾದರಿಯಲ್ಲಿ ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ತರಬೇತಿ ಕೇಂದ್ರಗಳಿವೆ. ಅಲ್ಲಿ ಕಲಿತ ಕಸುಬು ಮೊದಲ ಹಾಳೆಗೆ ಸೇರಿದರೆ, ಜೊತೆಯಲ್ಲಿ ಕಲಿತವರು ಮತ್ತು ಬ್ಯಾಂಕಿನವರ ಹೆಸರುಗಳು ಎರಡನೆಯ ಹಾಳೆಗೆ ಸೇರುತ್ತವೆ. ನನ್ನ ಲೆಕ್ಕದಲ್ಲಿ ಎರಡನೆಯದರ ಬೆಲೆಯೇ ಹೆಚ್ಚು.

ಒಂದು ಹಂಗಾಮು ಮುಗಿದ ಮೇಲೆ ಹಾಳೆಗಳನ್ನು ಹೊಸದಾಗಿ ಬರೆಯಬೇಕು, ಏಕೆಂದರೆ ಕೈಯಲ್ಲಿರುವುದು ಬದಲಾಗಿರುತ್ತದೆ. ನಮ್ಮ ಹೆಣ್ಣುಮಗಳ ವಸ್ತುಗಳ ಹಾಳೆಯಲ್ಲಿ ಈಗ ಐದು ಮಾದರಿ ಅಂಗಿಗಳಿವೆ, 60 ಮಕ್ಕಳ ಹೆಸರು, ತರಗತಿ, ಸೈಜು ಬರೆದ ಒಂದು ನೋಟ್‌ಬುಕ್ ಇದೆ. ಜನರ ಹಾಳೆಯಲ್ಲಿ ಒಮ್ಮೆ ದುಡ್ಡು ಕೊಟ್ಟು ಹೊಲಿಸಿದ ಮನೆಯವರಿದ್ದಾರೆ. ಅಂಗಿ ಬಿಗಿಯಾಯಿತು, ಗುಂಡಿ ಹೋಯಿತು, ಮಡಿಕೆ ಬಿಚ್ಚಿಕೊಡಿ ಎಂದು ಅವರು ನಡುವರ್ಷದಲ್ಲಿ ಬರುತ್ತಾರೆ. ಊರಿನ ಖಾಸಗಿ ಶಾಲೆಗೆ ಸಮವಸ್ತ್ರ ಒದಗಿಸುವ ಬಟ್ಟೆ ಅಂಗಡಿಯವರು ಯಾರು, ಅವರು ಎಲ್ಲಿ ಹೊಲಿಸುತ್ತಾರೆ ಎನ್ನುವುದು ಗುಂಡಿ ಅಂಗಡಿಯವರಿಗೆ ಗೊತ್ತಿದೆ. ಹದಿಮೂರನೆಯ ಹೆಸರು ಅದು. ಅದನ್ನು ಬರೆದುಕೊಂಡು ಕೋಷ್ಟಕದಲ್ಲಿ ಇನ್ನೊಂದು ಸಾಲು ಎಳೆದರೆ ನೋಡಬೇಕಾದ 14 ಹೊಸ ಮನೆಗಳು ಸಿಗುತ್ತವೆ.